ಲೀಸ್‌ನಲ್ಲಿ ‘ವೇವರ್ ಆಫ್ ಸಬ್ರೊಗೇಶನ್’ ಕೇಳಿದ್ದಾರೆ: ಏಜೆಂಟ್‌ಗೆ ಏನಂತ ಬರೆಯಬೇಕು?

ಅಮೆರಿಕದಲ್ಲಿ ಅಂಗಡಿಗೋ ಹೋಟೆಲಿಗೋ ಜಾಗ ಬಾಡಿಗೆಗೆ ಹಿಡಿದರೆ, ಲೀಸ್‌ನ ಇನ್ಶೂರೆನ್ಸ್ ಭಾಗದಲ್ಲಿ ಈ ಷರತ್ತು ಸಾಮಾನ್ಯವಾಗಿ ಸಿಗುತ್ತದೆ. ಬಾಡಿಗೆದಾರರ ಪಾಲಿಸಿಗಳಲ್ಲಿ ಮಾಲೀಕರ ಪರವಾಗಿ ವೇವರ್ ಆಫ್ ಸಬ್ರೊಗೇಶನ್ ಇರಬೇಕು ಎನ್ನುವುದು ಅದರ ಸಾರ.

ಟೆಕ್ಸಸ್‌ನಲ್ಲಿ ಒಂದು ದೋಸೆ ಹೋಟೆಲ್ ಇದೆ ಅಂದುಕೊಳ್ಳಿ. ಕಟ್ಟಡದ ಹಳೆಯ ವೈರಿಂಗ್‌ನಿಂದ ಬೆಂಕಿ ಹತ್ತಿ, ಹೋಟೆಲಿನವರ 40,000 ಡಾಲರ್ ಬೆಲೆಯ ಗ್ರೈಂಡರ್, ಫ್ರಿಜ್, ಒಲೆ ಹಾಳಾದವು. ಅವರ ವಿಮಾ ಕಂಪನಿ ಡಿಡಕ್ಟಿಬಲ್, ಅಂದರೆ ಹೋಟೆಲಿನವರೇ ಭರಿಸಬೇಕಾದ ಪಾಲು, ಕಳೆದು ಹಣ ಕೊಟ್ಟಿತು. ವೈರಿಂಗ್ ಸರಿಯಾಗಿಡಬೇಕಾದದ್ದು ಕಟ್ಟಡದ ಮಾಲೀಕರು, ಅಲ್ವಾ? ಹಾಗಾಗಿ ಕಂಪನಿ ಹೋಟೆಲಿನವರ ಜಾಗದಲ್ಲಿ ತಾನು ನಿಂತು, ಕೊಟ್ಟ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ಹೊರಡುತ್ತದೆ. ಇದೇ ಸಬ್ರೊಗೇಶನ್. ಆ ವಸೂಲಿ ಹಕ್ಕನ್ನು ಮೊದಲೇ ಬಿಟ್ಟುಕೊಡುವುದು ವೇವರ್.

ಈಗ ಏಜೆಂಟ್‌ಗೆ ಬರೆಯಬೇಕು. ಜಾಸ್ತಿ ಜನ ಬರೆಯುವುದು ಹೀಗೆ: “ಮಾಲೀಕರು ವೇವರ್ ಕೇಳಿದ್ದಾರೆ, ಸರ್ಟಿಫಿಕೇಟ್ ಕಳಿಸಿ.” ತೊಂದರೆ ಶುರುವಾಗುವುದು ಇಲ್ಲೇ. ಏಜೆಂಟ್ ACORD 25 ಎಂಬ ಸರ್ಟಿಫಿಕೇಟ್ ಫಾರಂನಲ್ಲಿ, ವೇವರ್ ಇದೆ ಎಂದು ತೋರಿಸುವ ‘SUBR WVD’ ಕಾಲಂಗೆ ‘Y’ ಹಾಕಿ ಕಳಿಸಿಬಿಡಬಹುದು. ಆದರೆ ಸರ್ಟಿಫಿಕೇಟ್ ಪಾಲಿಸಿಯನ್ನು ಬದಲಿಸುವುದಿಲ್ಲ. ಬದಲಿಸುವುದು ಪಾಲಿಸಿಗೆ ಸೇರಿಸುವ ತಿದ್ದುಪಡಿ ಪುಟ, ಅಂದರೆ ಎಂಡಾರ್ಸ್‌ಮೆಂಟ್. ಎಂಡಾರ್ಸ್‌ಮೆಂಟ್ ಬೇಕಾಗಬಹುದು, ಅದರ ಬದಲಿಗೆ ಈ ಕಾಗದ ಯಾವ ಹಕ್ಕನ್ನೂ ಕೊಡದು ಎಂದು ಆ ಫಾರಂನಲ್ಲೇ ಅಚ್ಚಾಗಿದೆ. ಹಾಗಾಗಿ ಕೇಳಬೇಕಾದದ್ದು ಎಂಡಾರ್ಸ್‌ಮೆಂಟ್. ಸರ್ಟಿಫಿಕೇಟ್ ಅದರ ಜೊತೆಗೆ ಬರಲಿ.

ನಮ್ಮ ಹೋಟೆಲಿನವರ ಪತ್ರ ಹೀಗಿದ್ದರೆ ಚೆನ್ನ:

“ನಮ್ಮ ಲೀಸ್‌ನ ಇನ್ಶೂರೆನ್ಸ್ ಪುಟಗಳನ್ನು ಲಗತ್ತಿಸಿದ್ದೇನೆ. ಅದರಂತೆ ಜನರಲ್ ಲಯಬಿಲಿಟಿ, ವರ್ಕರ್ಸ್ ಕಾಂಪೆನ್ಸೇಶನ್ ಮತ್ತು ಪ್ರಾಪರ್ಟಿ ಪಾಲಿಸಿಗಳಲ್ಲಿ, ಲೀಸ್‌ನಲ್ಲಿ ಬರೆದಿರುವ ಮಾಲೀಕ ಕಂಪನಿ ಮತ್ತು ಅದರ ಪ್ರಾಪರ್ಟಿ ಮ್ಯಾನೇಜರ್ ಪರವಾಗಿ ವೇವರ್ ಆಫ್ ಸಬ್ರೊಗೇಶನ್ ಬೇಕು. ಲೀಸ್ ಶುರುವಾಗುವ ದಿನದಿಂದಲೇ ಅದು ಜಾರಿಯಲ್ಲಿರಬೇಕು. ಪಾಲಿಸಿಯಲ್ಲಿ ಈಗಾಗಲೇ ಬ್ಲಾಂಕೆಟ್ ವೇವರ್ ಇದ್ದರೆ ಆ ಪುಟ ಕಳಿಸಿ. ಇಲ್ಲದಿದ್ದರೆ ಎಂಡಾರ್ಸ್‌ಮೆಂಟ್ ಸೇರಿಸಿ, ಹೆಚ್ಚುವರಿ ಪ್ರೀಮಿಯಂ ಎಷ್ಟೆಂದು ಮೊದಲು ತಿಳಿಸಿ. ಯಾವುದಾದರೂ ಪಾಲಿಸಿಗೆ ಕೊಡಲು ಆಗದಿದ್ದರೆ, ನಾವು ಲೀಸ್‌ಗೆ ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ಹೇಳಿ.”

ಪಾಲಿಸಿಗಳನ್ನು ಹೆಸರಿಟ್ಟು ಹೇಳುವುದಕ್ಕೆ ಕಾರಣವಿದೆ. ಒಂದೊಂದರ ರೀತಿ ಬೇರೆ. ಲಯಬಿಲಿಟಿಗೆ ಸಾಮಾನ್ಯವಾಗಿ ಬಳಸುವ ಫಾರಂ CG 24 04. ವರ್ಕರ್ಸ್ ಕಾಂಪೆನ್ಸೇಶನ್‌ಗೆ ಹಲವು ರಾಜ್ಯಗಳಲ್ಲಿ WC 00 03 13, ಟೆಕ್ಸಸ್‌ನಲ್ಲಿ WC 42 03 04. ಇದಕ್ಕೆ ಪ್ರೀಮಿಯಂ ಜಾಸ್ತಿಯಾಗಬಹುದು, ಕೆಲವು ರಾಜ್ಯಗಳಲ್ಲಿ ಇದನ್ನು ಕೊಡುವುದೇ ಇಲ್ಲ. ಪ್ರಾಪರ್ಟಿ ಪಾಲಿಸಿಯದು ಸ್ವಲ್ಪ ಸುಲಭ. ನಷ್ಟ ಆಗುವ ಮುಂಚೆ ಬರವಣಿಗೆಯಲ್ಲಿ ಹಕ್ಕು ಬಿಟ್ಟುಕೊಡಲು ಅಲ್ಲಿನ ಸಾಮಾನ್ಯ ಷರತ್ತು CP 00 90 ಅವಕಾಶ ಕೊಡುತ್ತದೆ. ನಿಮ್ಮ ಪಾಲಿಸಿಯಲ್ಲಿ ಆ ಷರತ್ತೇ ಇದ್ದರೆ, ಸಹಿಯಾದ ಲೀಸ್ ಸಾಕಾಗಬಹುದು. ಏಜೆಂಟ್ ಅದನ್ನು ಖಚಿತಪಡಿಸಲಿ.

ಬ್ಲಾಂಕೆಟ್ ವೇವರ್‌ನಲ್ಲಿ ಯಾರ ಹೆಸರೂ ಇರುವುದಿಲ್ಲ. ಲಿಖಿತ ಒಪ್ಪಂದ ಯಾರಿಗೆ ಕೊಡಬೇಕೆಂದು ಹೇಳುತ್ತದೋ ಅವರಿಗೆಲ್ಲ ಅನ್ವಯಿಸುತ್ತದೆ. ಅನುಕೂಲವೇ, ಆದರೆ ಒಪ್ಪಂದ ನಷ್ಟಕ್ಕೆ ಮುಂಚೆ ಆಗಿರಬೇಕು. ಸೋಮವಾರ ಬೀಗದ ಕೈ ತೆಗೆದುಕೊಂಡು ಶುಕ್ರವಾರ ಸಹಿ ಹಾಕಿದರೆ, ಬುಧವಾರದ ಬೆಂಕಿಗೆ ವಿಮಾ ಕಂಪನಿ ತಕರಾರು ತೆಗೆಯಬಹುದು. ಹೆಸರು ಬರೆಯುವ ಎಂಡಾರ್ಸ್‌ಮೆಂಟ್ ಆದರೆ ಹೆಸರು ಲೀಸ್‌ನಲ್ಲಿದ್ದಂತೆಯೇ ಇರಬೇಕು. ಕಟ್ಟಡ ಒಂದು ಎಲ್‌ಎಲ್‌ಸಿ ಹೆಸರಲ್ಲಿದ್ದು, ನೀವು ಬಾಡಿಗೆ ಕೇಳಲು ಬರುವ ಮ್ಯಾನೇಜರ್ ಹೆಸರು ಬರೆಸಿದರೆ ಮಾಲೀಕರಿಗೆ ವೇವರ್ ಸಿಕ್ಕಂತಾಗಲಿಲ್ಲ.

‘ಅಡಿಶನಲ್ ಇನ್ಶೂರ್ಡ್’ ಎನ್ನುವುದು ಬೇರೆ ಬೇಡಿಕೆ. ಅದರಿಂದ ಮಾಲೀಕರಿಗೆ ನಿಮ್ಮ ಲಯಬಿಲಿಟಿ ಪಾಲಿಸಿಯೊಳಗೆ ಒಂದಿಷ್ಟು ರಕ್ಷಣೆ ಸಿಗುತ್ತದೆ. ಲೀಸ್ ಎರಡನ್ನೂ ಕೇಳಿದ್ದರೆ ಪತ್ರದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಇನ್ನೊಂದು ಪತ್ರ ಮಾಲೀಕರಿಗೆ ಹೋಗಬೇಕು. ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ನಿಮ್ಮ ಎಣ್ಣೆ ಬಾಣಲೆಯಿಂದ ಬೆಂಕಿ ಎದ್ದು ಕಟ್ಟಡ ಸುಟ್ಟರೆ, ಮಾಲೀಕರ ವಿಮಾ ಕಂಪನಿ ನಿಮ್ಮ ಬೆನ್ನು ಹತ್ತಬಹುದು. ಆ ಮೊತ್ತ ಗ್ರೈಂಡರ್, ಫ್ರಿಜ್‌ಗಳ ಲೆಕ್ಕದಲ್ಲಿ ಇರುವುದಿಲ್ಲ. ಆದ್ದರಿಂದ ಸಹಿಗೆ ಮುಂಚೆ ಹೀಗೆ ಕೇಳಿ: “ಪ್ರಾಪರ್ಟಿ ವಿಮೆಯ ಮಟ್ಟಿಗೆ ವೇವರ್ ಎರಡೂ ಕಡೆಯಿಂದ ಇರಲಿ. ಕಟ್ಟಡದ ವಿಮಾ ಕಂಪನಿಯೂ ನಮ್ಮ ಮೇಲಿನ ವಸೂಲಿ ಹಕ್ಕು ಬಿಡುತ್ತದೆ ಎಂದು ಲೀಸ್‌ನಲ್ಲಿ ಸೇರಿಸಿ.” ಡಿಡಕ್ಟಿಬಲ್ ಹಣವನ್ನು ಒಬ್ಬರು ಇನ್ನೊಬ್ಬರಿಂದ ಕೇಳಬಹುದೋ ಇಲ್ಲವೋ ಎಂಬುದನ್ನೂ ಅಲ್ಲೇ ಬರೆಸಿಕೊಳ್ಳಿ. ಲೀಸ್‌ನ ಈ ಸಾಲುಗಳನ್ನು ವಕೀಲರಿಗೆ ಒಮ್ಮೆ ತೋರಿಸಿ.

ಎಂಡಾರ್ಸ್‌ಮೆಂಟ್ ಕೈಗೆ ಬಂದ ಮೇಲೆ ಅದರ ಮೇಲಿನ ಪಾಲಿಸಿ ನಂಬರ್, ಜಾರಿಯ ದಿನಾಂಕ, ಹೆಸರು ಮೂರನ್ನೂ ಲೀಸ್ ಪಕ್ಕದಲ್ಲಿಟ್ಟು ನೋಡಿ. ವಿಮಾ ಕಂಪನಿ ಬದಲಿಸಿದ ವರ್ಷ ಇದೇ ಪತ್ರವನ್ನು ಹೊಸ ಏಜೆಂಟ್‌ಗೆ ಮತ್ತೆ ಕಳಿಸಬೇಕು. ಹಳೆಯ ಪಾಲಿಸಿಯ ಎಂಡಾರ್ಸ್‌ಮೆಂಟ್ ಹೊಸದಕ್ಕೆ ತಾನಾಗಿ ಬರುವುದಿಲ್ಲ.