ಅನ್ನನಾಳದ ಅನ್ಯವಸ್ತು: ಮಗು ನುಂಗಿದ ನಾಣ್ಯ ಎಕ್ಸ್-ರೇಯಲ್ಲಿ ಕಾಣುವ ಬಗೆ

ಮಗು ಬಾಯಿಗೆ ಹಾಕಿಕೊಂಡ ವಸ್ತು ಜಠರಕ್ಕೆ ಇಳಿಯದೆ ದಾರಿಯಲ್ಲೇ ನಿಂತುಬಿಟ್ಟರೆ ಅದನ್ನು ಅನ್ನನಾಳದ ಅನ್ಯವಸ್ತು ಎನ್ನುತ್ತಾರೆ. ಆಸ್ಪತ್ರೆಗಳಲ್ಲಿ ದಿನವೂ ಕೇಳಿಬರುವ ಮಾತು ‘ಫಾರಿನ್ ಬಾಡಿ’. ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು, ಮತ್ತು ಹೀಗೆ ಸಿಲುಕುವ ವಸ್ತುಗಳಲ್ಲಿ ನಾಣ್ಯವೇ ಮೊದಲನೆಯದು.

ಅನ್ನನಾಳ ಉದ್ದಕ್ಕೂ ಒಂದೇ ಅಗಲದ ಕೊಳವೆಯಲ್ಲ. ಮೂರು ಕಡೆ ಅದು ಕಿರಿದಾಗುತ್ತದೆ. ಗಂಟಲು ಮುಗಿದು ಅನ್ನನಾಳ ಆರಂಭವಾಗುವ ಕಡೆ ಒಂದು ಸ್ನಾಯು ಅದನ್ನು ಬಿಗಿಯಾಗಿ ಮುಚ್ಚಿ ಹಿಡಿದಿರುತ್ತದೆ. ಅರ್ಧಕ್ಕಿಂತ ಹೆಚ್ಚು ನಾಣ್ಯಗಳು ನಿಲ್ಲುವುದು ಇಲ್ಲಿಯೇ, ಫಿಲ್ಮಿನಲ್ಲಿ ನೋಡಿದರೆ ಎರಡು ಕಾಲರ್ ಬೋನ್‌ಗಳ ನಡುವಿನ ಮಟ್ಟದಲ್ಲಿ. ಎದೆಯ ನಡುವೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಒತ್ತುವ ಜಾಗ ಎರಡನೆಯದು, ಜಠರಕ್ಕೆ ಸೇರುವ ಮುನ್ನದ ಕವಾಟ ಮೂರನೆಯದು.

ಎರಡು ವರ್ಷದ ಮಗುವೊಂದು ಸಂಜೆ 22 ಮಿಲಿಮೀಟರ್ ಅಗಲದ ಒಂದು ರೂಪಾಯಿ ನಾಣ್ಯವನ್ನು ನುಂಗಿದೆ ಎಂದಿಟ್ಟುಕೊಳ್ಳೋಣ. ಉಸಿರಾಟ ಸರಾಗವಾಗಿದೆ, ಆದರೆ ಹಾಲು ಬೇಡವೆನ್ನುತ್ತದೆ, ಸ್ವಲ್ಪ ಜೊಲ್ಲು ಸುರಿಯುತ್ತಿದೆ. ವೈದ್ಯರು ಕುತ್ತಿಗೆಯಿಂದ ಕಿಬ್ಬೊಟ್ಟೆಯವರೆಗೆ ಕಾಣುವಂತೆ ಮುಂದಿನಿಂದ ಒಂದು, ಕುತ್ತಿಗೆ ಮತ್ತು ಎದೆಯನ್ನು ಪಕ್ಕದಿಂದ ಇನ್ನೊಂದು ಎಕ್ಸ್-ರೇ ಬರೆಯುತ್ತಾರೆ. ಮುಂದಿನಿಂದ ತೆಗೆದ ಫಿಲ್ಮಿನಲ್ಲಿ ಕಾಲರ್ ಬೋನ್‌ಗಳ ನಡುವೆ ಪೂರ್ಣ ಬಿಳಿ ವೃತ್ತ ಕಾಣುತ್ತದೆ; ಪಕ್ಕದಿಂದ ತೆಗೆದದ್ದರಲ್ಲಿ ಅದೇ ನಾಣ್ಯ, ಶ್ವಾಸನಾಳದ ಗಾಳಿಯ ಕಪ್ಪು ಪಟ್ಟಿಯ ಹಿಂದೆ, ತೆಳುವಾದ ಬಿಳಿ ಗೆರೆಯಾಗಿರುತ್ತದೆ. ಅನ್ನನಾಳ ಹಿಂದೆಮುಂದೆ ಚಪ್ಪಟೆಯಾಗಿದ್ದು ಅಡ್ಡಕ್ಕೆ ಹಿಗ್ಗುವುದರಿಂದ ನಾಣ್ಯ ತನ್ನ ಮುಖವನ್ನು ಎದುರಿಗೆ ತೋರಿಸಿಕೊಂಡು ಕೂರುತ್ತದೆ. ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳಾದರೋ ಹಿಂಬದಿಯಲ್ಲಿ ತೆರೆದಿರುತ್ತವೆ. ಅಲ್ಲಿ ಸಿಲುಕಿದ ನಾಣ್ಯ ಸಾಮಾನ್ಯವಾಗಿ ಮುಂದಿನಿಂದ ಗೆರೆಯಾಗಿಯೂ ಪಕ್ಕದಿಂದ ವೃತ್ತವಾಗಿಯೂ ಕಾಣುತ್ತದೆ. ಈ ನಿಯಮಕ್ಕೆ ಅಪವಾದಗಳಿವೆ. ಆದ್ದರಿಂದ ವಸ್ತು ಗಾಳಿಯ ಪಟ್ಟಿಯ ಒಳಗಿದೆಯೋ ಹಿಂದಿದೆಯೋ ಎಂಬುದನ್ನು ಪಕ್ಕದ ಫಿಲ್ಮಿನಲ್ಲಿ ನೋಡಿಯೇ ತೀರ್ಮಾನಿಸಬೇಕು.

ಪಕ್ಕದ ಫಿಲ್ಮು ಬೇಕಾಗುವುದಕ್ಕೆ ಇದಕ್ಕಿಂತ ಗಂಭೀರವಾದ ಕಾರಣವೊಂದಿದೆ: ಆ ಬಿಳಿ ವೃತ್ತ ನಾಣ್ಯವೇ ಆಗಿರಬೇಕೆಂದಿಲ್ಲ. ರಿಮೋಟ್, ಆಟಿಕೆಗಳಲ್ಲಿ ಬರುವ 20 ಮಿಲಿಮೀಟರಿನ ಬಟನ್ ಸೆಲ್ ಕೂಡ ಹಾಗೆಯೇ ಕಾಣುತ್ತದೆ. ಸೂಕ್ಷ್ಮವಾಗಿ ನೋಡಿದರೆ ಸೆಲ್ಲಿನ ಅಂಚಿನ ಒಳಗೆ ಇನ್ನೊಂದು ಉಂಗುರವಿರುತ್ತದೆ, ಪಕ್ಕದಿಂದ ಅದರ ಅಂಚಿನಲ್ಲಿ ಸಣ್ಣ ಮೆಟ್ಟಿಲು ಕಾಣುತ್ತದೆ. ಎರಡು ಲೋಹಗಳ ಹತ್ತು ರೂಪಾಯಿ ನಾಣ್ಯದಲ್ಲೂ ಒಳವೃತ್ತ ಕಂಡು ಗೊಂದಲವಾಗಬಹುದು. ಸಂದೇಹ ಉಳಿದರೆ ಅದನ್ನು ಸೆಲ್ ಎಂದೇ ಭಾವಿಸಿ ನಡೆಯುವುದು ಸರಿ. ಒದ್ದೆಯಾದ ಅನ್ನನಾಳದಲ್ಲಿ ಸೆಲ್ಲಿನಿಂದ ವಿದ್ಯುತ್ ಹರಿದು, ಅದರ ಋಣ ಧ್ರುವದ ಬಳಿ ತೀವ್ರ ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಗೋಡೆ ಆಳವಾಗಿ ಸುಡಬಲ್ಲದು. ಅಲ್ಲಿ ಕಾಯುವ ಪ್ರಶ್ನೆಯೇ ಇಲ್ಲ, ಕೂಡಲೇ ಹೊರತೆಗೆಯಬೇಕು.

ನಮ್ಮ ಉದಾಹರಣೆಯ ಮಗುವಿನಲ್ಲಿ ಒಳ ಉಂಗುರವಾಗಲಿ ಮೆಟ್ಟಿಲಾಗಲಿ ಇಲ್ಲ, ಅದು ನಾಣ್ಯವೇ. ಮಗು ತನ್ನ ಉಗುಳನ್ನೇ ನುಂಗಲಾರದಿದ್ದರೆ ಅಥವಾ ಉಸಿರಿಗೆ ತೊಂದರೆಯಿದ್ದರೆ ತಡಮಾಡದೆ ಅರಿವಳಿಕೆ ಕೊಟ್ಟು ಎಂಡೋಸ್ಕೋಪಿಯಿಂದ, ಅಂದರೆ ಬಾಯಿಯ ಮೂಲಕ ಒಳಗೆ ನೋಡುವ ಕೊಳವೆ ಇಳಿಸಿ, ತೆಗೆಯುತ್ತಾರೆ. ಹೆಚ್ಚು ತೊಂದರೆಯಿಲ್ಲದಿದ್ದರೆ 24 ಗಂಟೆಯೊಳಗಿನ ಕಾಯುವಿಕೆಗೆ ಅವಕಾಶವಿದೆ, ಏಕೆಂದರೆ ಸುಮಾರು ಕಾಲು ಭಾಗದಷ್ಟು ನಾಣ್ಯಗಳು ಈ ಅವಧಿಯಲ್ಲಿ ತಾವಾಗಿಯೇ ಜಠರಕ್ಕೆ ಜಾರುತ್ತವೆ. ಕೆಳಗಿನ ಕವಾಟದ ಬಳಿ ನಿಂತವು ಇನ್ನೂ ಸುಲಭವಾಗಿ. ಅರಿವಳಿಕೆಗೆ ಮುನ್ನ ಎಕ್ಸ್-ರೇಯನ್ನು ಮತ್ತೊಮ್ಮೆ ತೆಗೆಯುವುದು ಇದೇ ಕಾರಣಕ್ಕೆ. ಈ ಹೊತ್ತಿನಲ್ಲಿ ನಾಣ್ಯ ಕೆಳಗಿಳಿಯಲೆಂದು ಬಾಳೆಹಣ್ಣು ನುಂಗಿಸುವುದು ನಮ್ಮ ಮನೆಗಳಲ್ಲಿ ರೂಢಿ. ದಯವಿಟ್ಟು ಅದನ್ನು ಮಾಡಬಾರದು. ಹಣ್ಣು ನಾಣ್ಯದ ಮೇಲೆ ನಿಲ್ಲುತ್ತದೆ, ಅರಿವಳಿಕೆಯ ವೇಳೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದೂ ಅಷ್ಟೇ ಕೆಟ್ಟದ್ದು.

ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ ಏನೂ ಇಲ್ಲವೆಂದು ಅರ್ಥವಲ್ಲ. ಪ್ಲಾಸ್ಟಿಕ್, ಮರ ಕಾಣುವುದಿಲ್ಲ. ಹಳೆಯ ಅಲ್ಯೂಮಿನಿಯಂ ಪೈಸೆಗಳು ತೀರಾ ಮಸುಕು. ಮಗು ನುಂಗಿದ್ದನ್ನು ಕಂಡವರಿದ್ದು, ಅದು ಆಹಾರ ಬೇಡವೆನ್ನುತ್ತಿದ್ದರೆ, ಫಿಲ್ಮು ಖಾಲಿಯಿದ್ದರೂ ಎಂಡೋಸ್ಕೋಪಿ ಬೇಕಾಗಬಹುದು.

ಅರಿವಳಿಕೆಗೆ ಮುನ್ನ ಮತ್ತೊಮ್ಮೆ ತೆಗೆದ ಫಿಲ್ಮಿನಲ್ಲಿ ವೃತ್ತ ಎಡಗಡೆ ಪಕ್ಕೆಲುಬುಗಳ ಕೆಳಭಾಗದಲ್ಲಿ, ಜಠರದ ಗಾಳಿಗುಳ್ಳೆಯ ಆಸುಪಾಸಿನಲ್ಲಿ ಕಂಡರೆ ಮಗುವನ್ನು ಮನೆಗೆ ಕಳುಹಿಸುತ್ತಾರೆ. ಎಂದಿನ ಊಟವೇ ಸಾಕು, ಭೇದಿ ಔಷಧ ಬೇಡ. ನಾಣ್ಯ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮಲದೊಂದಿಗೆ ಹೊರಬೀಳುತ್ತದೆ. ಕಾಣದಿದ್ದರೆ ಮತ್ತೆ ಎಕ್ಸ್-ರೇ ತೆಗೆದು, ನಾಲ್ಕು ವಾರವಾದರೂ ಜಠರದಲ್ಲೇ ಇದ್ದರೆ ಎಂಡೋಸ್ಕೋಪಿಯಿಂದ ತೆಗೆಯುತ್ತಾರೆ. ಈ ನಡುವೆ ಹೊಟ್ಟೆನೋವು, ವಾಂತಿ, ಜ್ವರ ಅಥವಾ ಮಲದಲ್ಲಿ ರಕ್ತ ಕಂಡರೆ ಅಷ್ಟು ದಿನ ಕಾಯದೆ ಆಸ್ಪತ್ರೆಗೆ ಮರಳಬೇಕು.