ಶಾಲೆಗೆ ಯೂನಿಫಾರ್ಮ್ ಕೊಟೇಶನ್: ಸರಾಸರಿ ದರ ಬೇಡ, ಸೈಜಿಗೊಂದು ದರ ಬರೆಯಿರಿ

"ಶರ್ಟಿಗೆ ಎಷ್ಟಾಗುತ್ತೆ, ಒಂದೇ ರೇಟ್ ಹೇಳಿಬಿಡಿ" ಎಂದು ಶಾಲೆಯವರು ಕೇಳುತ್ತಾರೆ. ಪೋಷಕರಿಗೆ ಹೇಳೋಕೆ ಅವರಿಗೂ ಅದೇ ಸುಲಭ. ಆದರೆ ಹೊಲಿದು ಕೊಡುವವರು ಅಲ್ಲಿ ಮಣಿದರೆ ನಷ್ಟ ಖಂಡಿತ.

ಅರ್ಧ ತೋಳಿನ ಶರ್ಟನ್ನೇ ತೆಗೆದುಕೊಳ್ಳಿ. ಬಟ್ಟೆ 58 ಇಂಚು ಪನ್ನ, ಮೀಟರಿಗೆ 130 ರೂಪಾಯಿ ಅಂತಿಟ್ಟುಕೊಳ್ಳೋಣ. 24ರ ಸೈಜಿಗೆ 80 ಸೆಂಟಿಮೀಟರ್ ಹಿಡಿಯುತ್ತದೆ. ಬಟ್ಟೆಗೆ 104, ಹೊಲಿಗೆಗೆ 75, ಗುಂಡಿ, ಕಾಲರ್ ಕ್ಯಾನ್ವಾಸ್, ಪ್ಯಾಕಿಂಗ್‌ಗೆ 16, ಒಟ್ಟು 195 ರೂಪಾಯಿ ಖರ್ಚು. ಮೇಲೆ ಶೇ. 15 ಸೇರಿಸಿದರೆ ದರ 225. ಇದೇ ಲೆಕ್ಕದಲ್ಲಿ 36ರ ಸೈಜಿಗೆ 1.35 ಮೀಟರ್ ಬೇಕು, ಹೊಲಿಗೆಯೂ ಜಾಸ್ತಿ. ಅದರ ದರ 335ಕ್ಕೆ ಹೋಗುತ್ತದೆ. ನಡುವಿನ 30ಕ್ಕೆ 275.

ಈ ಮೂರರ ಸರಾಸರಿ 278. ಅದನ್ನೇ ಬರೆದುಕೊಟ್ಟಿರಿ, ಶಾಲೆಯಿಂದ 300 ಶರ್ಟಿನ ಆರ್ಡರ್ ಬಂತು ಅನ್ನಿ. ಹೈಸ್ಕೂಲ್ ಮಕ್ಕಳೇ ಹೆಚ್ಚಿರುವ ಕಡೆ 24ರದ್ದು 60, 30ರದ್ದು 80, 36ರದ್ದು 160 ಬರಬಹುದು. ಸೈಜಿನ ಲೆಕ್ಕದಲ್ಲಿ ಬರಬೇಕಾದದ್ದು 89,100 ರೂಪಾಯಿ. ಸರಾಸರಿ ಲೆಕ್ಕದಲ್ಲಿ ಬರುವುದು 83,400. ಕೈಬಿಟ್ಟ 5,700 ರೂಪಾಯಿ ಎಂದರೆ ನಿಮ್ಮ ಲಾಭದ ಹತ್ತಿರ ಹತ್ತಿರ ಅರ್ಧ! ಪುಟ್ಟ ಮಕ್ಕಳೇ ಹೆಚ್ಚಿದ್ದರೆ ಹೊರೆ ಉಲ್ಟಾ, ಒಂದನೇ ತರಗತಿಯ ಪೋಷಕರು ಹತ್ತನೇ ತರಗತಿಯ ಮಗುವಿನ ಬಟ್ಟೆಗೂ ದುಡ್ಡು ಕೊಟ್ಟಂತೆ. ಅದೂ ನ್ಯಾಯವಲ್ಲ ಅಲ್ವಾ?

ಹಾಗಾಗಿ ಕೊಟೇಶನ್‌ನಲ್ಲಿ ಪಟ್ಟಿ ಹೀಗಿರಲಿ:

| ಶರ್ಟ್ ಸೈಜ್ | ದರ (ರೂ.) |
|---|---|
| 24 | 225 |
| 26 | 240 |
| 28 | 260 |
| 30 | 275 |
| 32 | 295 |
| 34 | 315 |
| 36 | 335 |

36ಕ್ಕಿಂತ ದೊಡ್ಡದಕ್ಕೆ "ಅಳತೆ ನೋಡಿ ಪ್ರತ್ಯೇಕ ದರ" ಎಂದು ಸೇರಿಸಿ. ಪಟ್ಟಿಯ ಕೆಳಗೆ ಸೈಜ್ ನಂಬರ್ ಅಂದರೆ ಯಾವ ಅಳತೆ ಅನ್ನುವುದನ್ನೂ ಬರೆಯಿರಿ. ಒಬ್ಬರ 30 ಇನ್ನೊಬ್ಬರ 32 ಆಗಿರುತ್ತದೆ. ಹಳೆಯ ಅಂಗಡಿಯ ನಂಬರ್ ನೋಡಿ ಶಾಲೆಯವರು ಪಟ್ಟಿ ಕಳಿಸಿದರೆ ಅರ್ಧ ಮಾಲು ಬದಲಾವಣೆಗೆ ವಾಪಸ್ ಬರುತ್ತದೆ. ಇದಕ್ಕೆ ನನ್ನ ಉಪಾಯ ಒಂದೇ: ಪ್ರತಿ ಸೈಜಿನದ್ದೂ ಒಂದೊಂದು ಹೊಲಿದ ಸೆಟ್ ಶಾಲೆಗೆ ಕೊಟ್ಟು, ಮಕ್ಕಳಿಗೆ ತೊಡಿಸಿಯೇ ನೋಡಿ ಬರೆಸುವುದು. ಬೆಳೆಯುವ ಮಕ್ಕಳು, ಸ್ವಲ್ಪ ಸಡಿಲವೇ ಇರಲಿ.

ಜಿಎಸ್‌ಟಿ ಸೇರಿದೆಯೋ ಇಲ್ಲವೋ ಸ್ಪಷ್ಟವಾಗಿ ಬರೆಯಿರಿ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿಗೆ 2,500 ರೂಪಾಯಿವರೆಗೆ ಶೇ. 5 ಇದೆ, ಹಾಗಾಗಿ ಯೂನಿಫಾರ್ಮ್ ಎಲ್ಲಾ ಅದರೊಳಗೇ ಬರುತ್ತದೆ.

ಇನ್ನು ಡೆಲಿವರಿ. "ಒಂದು ತಿಂಗಳಲ್ಲಿ ಕೊಡುತ್ತೇವೆ" ಎಂದು ಸುಮ್ನೆ ಬರೆದರೆ ಜಗಳ ಅಲ್ಲೇ ಶುರು. ತಿಂಗಳು ಯಾವತ್ತಿನಿಂದ? ಶಾಲೆಯವರು ಪತ್ರದ ತಾರೀಖಿನಿಂದ ಎಣಿಸುತ್ತಾರೆ, ನೀವು ಅಡ್ವಾನ್ಸ್ ಬಂದ ದಿನದಿಂದ ಎಣಿಸುತ್ತೀರಿ. ನಾನು ಬರೆಯುವ ಸಾಲುಗಳು ಇವು:

"ಆರ್ಡರ್ ಪತ್ರ, ಶೇ. 50 ಅಡ್ವಾನ್ಸ್ ಮತ್ತು ಅಂತಿಮ ಸೈಜ್ ಪಟ್ಟಿ, ಈ ಮೂರರಲ್ಲಿ ಕೊನೆಯದು ನಮ್ಮ ಕೈ ಸೇರಿದ ದಿನದಿಂದ 35 ದಿನಗಳಲ್ಲಿ ಮಾಲು ತಲುಪಿಸುತ್ತೇವೆ. ಪಟ್ಟಿಯಲ್ಲಿ ಆಮೇಲೆ ಸೇರುವ ಪೀಸುಗಳನ್ನು ಎರಡನೇ ಕಂತಿನಲ್ಲಿ ಕೊಡುತ್ತೇವೆ. ಈ ದರಗಳು 30 ದಿನ ಮಾತ್ರ ಅನ್ವಯ."

35 ದಿನ ಎಲ್ಲಿಂದ ಬಂತು? ಸಿದ್ಧ ಬಣ್ಣದ ಬಟ್ಟೆ ಹೋಲ್‌ಸೇಲ್‌ನಿಂದ ಬರಲು 12 ದಿನ. 300 ಶರ್ಟ್, 300 ಪ್ಯಾಂಟನ್ನು ಎಂಟು ಮೆಷಿನ್‌ನ ಘಟಕದಲ್ಲಿ ಕಟಿಂಗ್, ಹೊಲಿಗೆ, ಕಾಜಾ, ಇಸ್ತ್ರಿ, ಪ್ಯಾಕಿಂಗ್ ಮುಗಿಸಲು ಭಾನುವಾರಗಳೂ ಸೇರಿ 20 ದಿನ. ಕರೆಂಟು, ಲಾರಿ ಅಂತ ಮೂರು ದಿನ ಕೈಯಲ್ಲಿರಲಿ. ಶಾಲೆಯದ್ದೇ ವಿಶೇಷ ಚೆಕ್ಸ್ ಇದ್ದರೆ ಈ ಲೆಕ್ಕ ನಡೆಯಲ್ಲ. ಅದನ್ನು ಹೊಸದಾಗಿ ನೇಯಿಸಬೇಕು, ಮಿಲ್‌ನವರು ದಿನ ಹೇಳಿದ ಮೇಲೆಯೇ ಕೊಟೇಶನ್ ಕಳಿಸಿ. ಬಟ್ಟೆಯನ್ನು ಪೂರ್ತಿ ಒಂದೇ ಲಾಟ್‌ನಲ್ಲಿ ತರಿಸಿ. ಎರಡು ಲಾಟ್ ಆದರೆ ಬಣ್ಣದಲ್ಲಿ ಎಳೆ ವ್ಯತ್ಯಾಸ ಬರುತ್ತದೆ, ಪ್ರಾರ್ಥನೆಗೆ ಸಾಲಾಗಿ ನಿಂತಾಗ ಅದು ಎದ್ದು ಕಾಣುತ್ತದೆ.

ನಮ್ಮಲ್ಲಿ ಶಾಲೆಗಳು ಮೇ ಕೊನೆಗೆ, ಜೂನ್ ಮೊದಲಿಗೆ ತೆರೆಯುತ್ತವೆ. ಮೇ 20ಕ್ಕೆ ಮಾಲು ಬೇಕಾದರೆ ಏಪ್ರಿಲ್ 15ಕ್ಕೆ ಆರ್ಡರ್ ಪತ್ರ, ಅಡ್ವಾನ್ಸ್, ಸೈಜ್ ಪಟ್ಟಿ ಮೂರೂ ಕೈಲಿರಬೇಕು. ಅಷ್ಟರಲ್ಲಿ ರಜೆ ಬಂದು ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತಾರೆ. ಹಾಗಾಗಿ ಸೈಜ್ ಸೆಟ್ ಮಾರ್ಚ್‌ನಲ್ಲೇ ಶಾಲೆಗೆ ಹೋಗಬೇಕು, ಕೊಟೇಶನ್ ಫೆಬ್ರವರಿಯಲ್ಲೇ ಕೊಡಬೇಕು.

ಉಳಿದ ಹಣದಲ್ಲಿ ಒಟ್ಟು ಮೊತ್ತದ ಶೇ. 40 ಮಾಲು ಇಳಿಸಿದಾಗ, ಶೇ. 10 ಸೈಜ್ ಬದಲಾವಣೆ ಮುಗಿದ ಮೇಲೆ ಎಂದು ಬರೆಯಿರಿ. ತೊಡದ, ಒಗೆಯದ ಪೀಸಿಗೆ ಮಾತ್ರ 15 ದಿನದೊಳಗೆ ಬದಲಾವಣೆ. ಇದಕ್ಕಾಗಿ ನಡುವಿನ ಸೈಜುಗಳಲ್ಲಿ ಒಂದಷ್ಟು ಹೆಚ್ಚಿಗೆ ಹೊಲಿದಿಟ್ಟಿರಬೇಕು. ಮಿಕ್ಕರೆ ಭಯ ಬೇಡ. ಕರ್ನಾಟಕದ 1995ರ ಶಿಕ್ಷಣ ಸಂಸ್ಥೆಗಳ ನಿಯಮದಂತೆ ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವ ಮುಂಚೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ಆದರೆ ಈಗಿನ ಸಮವಸ್ತ್ರಕ್ಕೆ ಎಷ್ಟು ವರ್ಷವಾಯಿತು ಎಂದು ಆರ್ಡರ್ ಹಿಡಿಯುವ ಮುಂಚೆ ಶಾಲೆಯವರನ್ನು ಕೇಳಿಕೊಳ್ಳಿ. ಐದನೇ ವರ್ಷದಲ್ಲಿದ್ದರೆ ಹೆಚ್ಚುವರಿ ಪೀಸು ಕಡಿಮೆ ಹೊಲಿಸಿ.