ಗರಿಷ್ಠ ಬೆಳವಣಿಗೆಯ ಉಷ್ಣತೆ: ಒಂದು ಸಂಖ್ಯೆ, ಅದರ ಆಚೀಚೆ

ಹುಳು, ಮೀನು, ಕಪ್ಪೆ, ಹಲ್ಲಿಗಳ ಮೈ ಬಿಸಿ ಸುತ್ತಲಿನ ಬಿಸಿಯ ಜೊತೆ ಏರಿಳಿಯುತ್ತದೆ. ಹಾಗಾಗಿ ಅವುಗಳ ಬೆಳವಣಿಗೆಯ ವೇಗವೂ ಏರಿಳಿಯುತ್ತದೆ. ಬೇರೆ ಬೇರೆ ಉಷ್ಣತೆಯಲ್ಲಿ ಈ ವೇಗವನ್ನು ಅಳೆದು ಗ್ರಾಫ್ ಹಾಕಿದರೆ ಒಂದು ಗುಡ್ಡ ಮೂಡುತ್ತದೆ. ಎಡಗಡೆ ನಿಧಾನವಾದ ಏರು, ಬಲಗಡೆ ಕಡಿದಾದ ಇಳಿತ. ಏರು ಬರುವುದು ದೇಹದೊಳಗಿನ ರಾಸಾಯನಿಕ ಕ್ರಿಯೆಗಳು ಬಿಸಿಯಲ್ಲಿ ಚುರುಕಾಗುವುದರಿಂದ. ಇಳಿತಕ್ಕೆ ಒಂದು ದೊಡ್ಡ ಕಾರಣ, ಒಂದು ಮಿತಿ ದಾಟಿದ ಮೇಲೆ ಪ್ರೋಟೀನುಗಳ ಆಕಾರ ಕೆಡುವುದು. ಗುಡ್ಡದ ತುದಿ ಯಾವ ಉಷ್ಣತೆಗೆ ಬೀಳುತ್ತದೋ ಅದೇ ಗರಿಷ್ಠ ಬೆಳವಣಿಗೆಯ ಉಷ್ಣತೆ.

ಲೇಖನಗಳಲ್ಲಿ ಇದನ್ನು ಒಂದೇ ಸಂಖ್ಯೆಯಾಗಿ ಕೊಡುವುದುಂಟು: '33.2 ಡಿಗ್ರಿ'. ಆದರೆ ಈ ಸಂಖ್ಯೆಯನ್ನು ಯಾರೂ ನೇರವಾಗಿ ಅಳೆದಿರುವುದಿಲ್ಲ. ಕೆಲವೇ ಉಷ್ಣತೆಗಳಲ್ಲಿ ಅಳೆದು, ಅವುಗಳ ನಡುವೆ ಒಂದು ರೇಖೆ ಹಾಯಿಸಿ, ಆ ರೇಖೆಯ ತುದಿಯನ್ನು ಲೆಕ್ಕ ಹಾಕಿರುತ್ತಾರೆ. ರೇಖೆ ಬದಲಾದರೆ ತುದಿಯೂ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆ ಅಂತ ನೋಡಲು ಒಂದು ಲೆಕ್ಕ ಮಾಡೋಣ.

ಮೊದಲು ವೇಗ ಅಂದರೆ ಏನು ಅಂತ ಗೊತ್ತಾಗಬೇಕು. 10 ಮಿಲಿಗ್ರಾಂ ತೂಗುತ್ತಿದ್ದ ಹುಳು 5 ದಿನಗಳಲ್ಲಿ 26 ಮಿಲಿಗ್ರಾಂ ಆಯಿತು ಅಂದುಕೊಳ್ಳಿ. 26ನ್ನು 10ರಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗರಿದಮ್ ತೆಗೆದು, 5ರಿಂದ ಭಾಗಿಸಿದರೆ ದಿನಕ್ಕೆ 0.191 ಬರುತ್ತದೆ. ಸುಮ್ನೆ ಮಿಲಿಗ್ರಾಂ ಲೆಕ್ಕದಲ್ಲಿ ಹೇಳಿದರೆ ಸಾಲದು. ದೊಡ್ಡ ಹುಳು ಸಣ್ಣ ಹುಳುವಿಗಿಂತ ದಿನಕ್ಕೆ ಜಾಸ್ತಿ ಮಿಲಿಗ್ರಾಂ ಗಳಿಸುವುದು ಸಹಜ ಅಲ್ವಾ? ಲಾಗರಿದಮ್ ಬಳಸಿದರೆ ಬೇರೆ ಬೇರೆ ಗಾತ್ರದ ಹುಳುಗಳನ್ನು ಹೋಲಿಸುವುದು ಸುಲಭವಾಗುತ್ತದೆ.

ಇನ್ನು ರೇಖೆ. ಕೀಟಗಳ ಮಟ್ಟಿಗೆ ತುಂಬ ಬಳಕೆಯಲ್ಲಿರುವ ಒಂದು ಸೂತ್ರವನ್ನು ಬ್ರಿಯೆರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಅದರಲ್ಲಿ `r` ಅಂದರೆ ವೇಗ, `T` ಅಂದರೆ ಉಷ್ಣತೆ. ಅಂದಾಜು ಮಾಡಬೇಕಾದ ಅಂಶಗಳು ಮೂರೇ. ಬೆಳವಣಿಗೆ ಶುರುವಾಗುವ ಕೆಳಮಿತಿ `T0`, ಅದು ನಿಂತುಹೋಗುವ ಮೇಲ್ಮಿತಿ `Tm`, ಮತ್ತು ಗುಡ್ಡದ ಎತ್ತರವನ್ನು ನಿರ್ಧರಿಸುವ `a`.

```
r = a * T * (T - T0) * sqrt(Tm - T)
Topt = (4*Tm + 3*T0 + sqrt(16*Tm^2 + 9*T0^2 - 16*T0*Tm)) / 10
```

ಎರಡನೇ ಸಾಲು ನೋಡಿ. ನಮಗೆ ಬೇಕಾದ ತುದಿ, ಅಂದರೆ `Topt`, ಸೂತ್ರದ ಅಂಶಗಳಲ್ಲಿ ಒಂದಲ್ಲ. ಎರಡು ಮಿತಿಗಳಿಂದ ಅದನ್ನು ಆಮೇಲೆ ಹೊರತೆಗೆಯಬೇಕು. ಹಾಗಾಗಿ ಮಿತಿಗಳ ಅಂದಾಜು ಅಲುಗಾಡಿದರೆ ತುದಿಯೂ ಅಲುಗಾಡುತ್ತದೆ.

ಉತ್ತರ ಮೊದಲೇ ಗೊತ್ತಿದ್ದರೆ ವಿಧಾನ ಎಲ್ಲಿ ತಪ್ಪುತ್ತದೆ ಅಂತ ಹೇಳುವುದು ಸುಲಭ. ಅದಕ್ಕೆ ನಿಜವಾದ ಹುಳುಗಳ ಬದಲು ಸೂತ್ರದಿಂದಲೇ ಅಂಕಿಗಳನ್ನು ತಯಾರಿಸಿದ್ದೇನೆ. ಕೆಳಮಿತಿ 10 ಡಿಗ್ರಿ, ಮೇಲ್ಮಿತಿ 40, `a` 0.0001. ಆಗ ನಿಜವಾದ ತುದಿ 33.2 ಡಿಗ್ರಿ ಸೆಲ್ಸಿಯಸ್. 16, 20, 24, 28, 32, 36 ಡಿಗ್ರಿಗಳಲ್ಲಿ ವೇಗ ಕ್ರಮವಾಗಿ 0.047, 0.089, 0.134, 0.175, 0.199, 0.187.

ಈಗ ಈ ಆರು ಅಂಕಿಗಳನ್ನು ಸೂತ್ರ ಗೊತ್ತಿಲ್ಲದವರ ಕೈಗೆ ಕೊಟ್ಟೆವು ಅಂತಿಟ್ಟುಕೊಳ್ಳಿ. ಗುಡ್ಡದಂತೆ ಕಾಣುತ್ತದೆ ಎಂದು ಅವರು ವರ್ಗ ಸಮೀಕರಣದ ಪ್ಯಾರಾಬೋಲ ಹಾಯಿಸುತ್ತಾರೆ. ಎಲ್ಲ ಸಾಫ್ಟ್‌ವೇರಿನಲ್ಲೂ ಇರುವ ಸುಲಭದ ದಾರಿ ಅದು. ಹೊಂದಾಣಿಕೆಯ ಅಳತೆಯಾದ R² 0.98 ಬರುತ್ತದೆ. ಯಾರಿಗಾದರೂ ಖುಷಿಯಾಗುವ ಅಂಕಿ! ಆದರೆ ಆ ಪ್ಯಾರಾಬೋಲದ ತುದಿ ಇರುವುದು 35.7 ಡಿಗ್ರಿಯಲ್ಲಿ. ನಿಜವಾದ ತುದಿಗಿಂತ ಎರಡೂವರೆ ಡಿಗ್ರಿ ಮೇಲೆ. ಅಳತೆಯಲ್ಲಿ ದೋಷವೇ ಇಲ್ಲದಿದ್ದರೂ ಹೀಗೆ.

ಕಾರಣ ಸರಳ. ಪ್ಯಾರಾಬೋಲದ ಎರಡೂ ಬದಿ ಒಂದೇ ಥರ. ಆರರಲ್ಲಿ ಐದು ಬಿಂದುಗಳು ಏರಿನ ಕಡೆ ಇರುವುದರಿಂದ ರೇಖೆ ಅವುಗಳ ಮಾತನ್ನೇ ಕೇಳುತ್ತದೆ, ಇಳಿತವನ್ನು ಮುಂದಕ್ಕೆ ತಳ್ಳುತ್ತದೆ. ಇದನ್ನು ಪತ್ತೆ ಹಚ್ಚಲು R² ನೋಡಿ ಪ್ರಯೋಜನವಿಲ್ಲ. ರೇಖೆಗೂ ಬಿಂದುಗಳಿಗೂ ನಡುವಿನ ಅಂತರವನ್ನು ಒಂದೊಂದಾಗಿ ನೋಡಬೇಕು. ಈ ಪ್ಯಾರಾಬೋಲದ ಪ್ರಕಾರ 32 ಡಿಗ್ರಿಯಲ್ಲಿ ವೇಗ 0.189, 36ರಲ್ಲಿ 0.194. ಅಂದರೆ 36 ಡಿಗ್ರಿಯೇ ಮೇಲು. ಅಳತೆ ಹೇಳಿದ್ದು ಇದರ ಉಲ್ಟಾ. ತುದಿಯ ಹತ್ತಿರವೇ ರೇಖೆ ಮತ್ತು ಅಳತೆ ಜಗಳವಾಡುತ್ತಿದ್ದರೆ ಆ ರೇಖೆಯ ತುದಿಯನ್ನು ನಂಬಬಾರದು.

ಸರಿಯಾದ ಸೂತ್ರವನ್ನೇ ಬಳಸಿದೆವು ಅನ್ನೋಣ. ಆಗಲೂ ಇನ್ನೊಂದು ತೊಡಕು ಉಳಿಯುತ್ತದೆ. ಗುಡ್ಡದ ತುದಿ ಚಪ್ಪಟೆ. ನಮ್ಮ ಉದಾಹರಣೆಯಲ್ಲಿ 31 ಡಿಗ್ರಿಗೆ ವೇಗ 0.195, 33ಕ್ಕೆ 0.201, 35ಕ್ಕೆ 0.196. ನಾಲ್ಕು ಡಿಗ್ರಿ ಅಗಲದ ಜಾಗದಲ್ಲಿ ವ್ಯತ್ಯಾಸ ಶೇಕಡಾ 3ರಷ್ಟೂ ಇಲ್ಲ. ಪ್ರತಿ ಉಷ್ಣತೆಯ ಸರಾಸರಿಯಲ್ಲಿ 0.006ರಷ್ಟು ದೋಷವಿದ್ದರೆ ಸಾಕು, ತುದಿಯ ಹತ್ತಿರ ಅಳೆದ ಯಾವ ಬಿಂದುವೂ ತುದಿ ಎಲ್ಲಿದೆ ಅಂತ ಹೇಳಲಾರದು. ಹಾಗಾದರೆ ಹೇಳುವವರು ಯಾರು?

ಇಳಿತದ ಬಿಂದುಗಳು. ಅದೇ 0.006 ದೋಷ ಇಟ್ಟುಕೊಂಡು ಲೆಕ್ಕ ಹಾಕಿದರೆ, ಆರು ಉಷ್ಣತೆಗಳಿಂದ ಸಿಗುವ ತುದಿ 33.2, ಅದರ 95% ವ್ಯಾಪ್ತಿ, ಅಂದರೆ ನಿಜವಾದ ತುದಿ ಇರಬಹುದಾದ ಜಾಗ, ಎರಡೂ ಕಡೆ ಸುಮಾರು 0.8 ಡಿಗ್ರಿ. 36 ಡಿಗ್ರಿಯ ಅಳತೆ ಬಿಟ್ಟುಹೋದರೆ ವ್ಯಾಪ್ತಿ ಸುಮಾರು 3 ಡಿಗ್ರಿಗೆ ಹಿಗ್ಗುತ್ತದೆ. ಐದು ಉಷ್ಣತೆಗಳಲ್ಲಿ ಜೋಪಾನವಾಗಿ ಅಳೆದೂ ಉತ್ತರ '30ರಿಂದ 36ರೊಳಗೆ ಎಲ್ಲೋ' ಎಂದಾಗುತ್ತದೆ. ಆರರ ಜೊತೆಗೆ 38 ಡಿಗ್ರಿಯ ಅಳತೆ ಸೇರಿಸಿದರೆ ವ್ಯಾಪ್ತಿ 0.3 ಡಿಗ್ರಿಗೆ ಕುಗ್ಗುತ್ತದೆ. ತುದಿಯಿಂದ ಸುಮಾರು 5 ಡಿಗ್ರಿ ದೂರದ ಒಂದು ಬಿಂದು, ತುದಿಯ ಪಕ್ಕದ ಬಿಂದುಗಳಿಗಿಂತ ಜಾಸ್ತಿ ಮಾಹಿತಿ ಕೊಡುತ್ತದೆ. ಮೇಲ್ಮಿತಿ ಎಲ್ಲಿದೆ ಎಂದು ಅದು ಬಿಗಿಯಾಗಿ ಕಟ್ಟಿಹಾಕುತ್ತದೆ, ತುದಿ ಅದರ ಹಿಂದೆಯೇ ಬರುತ್ತದೆ. ಮೇಲ್ಮಿತಿ ಒಂದು ಡಿಗ್ರಿ ಸರಿದರೆ ತುದಿ 0.8 ಡಿಗ್ರಿ ಸರಿಯುತ್ತದೆ. ಕೆಳಮಿತಿ ಅಷ್ಟೇ ಸರಿದರೆ ತುದಿ ಸರಿಯುವುದು ಬರೀ 0.14 ಡಿಗ್ರಿ.

ಆದರೆ ಈ 0.3 ಕಾಗದದ ಮೇಲಿನ ಲೆಕ್ಕ. ಪ್ರಯೋಗಾಲಯದಲ್ಲಿ ಬಿಸಿಯ ಬದಿಯೇ ಅಳೆಯಲು ಕಷ್ಟದ ಬದಿ. 38 ಡಿಗ್ರಿಗೆ ಇಟ್ಟ ಇನ್ಕ್ಯುಬೇಟರ್ ಒಳಗೆ ನಿಜವಾಗಿ 38.5 ಇದ್ದರೆ ವೇಗ 0.150ರ ಬದಲು 0.134 ಬರುತ್ತದೆ. ಅಲ್ಲಿ ಅರ್ಧ ಡಿಗ್ರಿಯೂ ದುಬಾರಿ. ಆದ್ದರಿಂದ ಲೆಕ್ಕಕ್ಕೆ ಬಳಸಬೇಕಾದ್ದು ಯಂತ್ರದ ಮೇಲೆ ಕಾಣುವ ಅಂಕಿಯಲ್ಲ, ಹುಳುಗಳ ಪಕ್ಕದಲ್ಲೇ ಇಟ್ಟ ಡೇಟಾ ಲಾಗರ್ ಬರೆದಿಟ್ಟ ಅಂಕಿ. ಇನ್ನೊಂದು ಸಂಗತಿ: ತೀರಾ ಬಿಸಿಯಲ್ಲಿ ಕೆಲವು ಹುಳುಗಳು ಸಾಯುತ್ತವೆ. ಬದುಕಿದವನ್ನು ಮಾತ್ರ ತೂಗಿದರೆ ಗಟ್ಟಿ ಹುಳುಗಳ ಸರಾಸರಿ ಸಿಗುತ್ತದೆ, ಇಳಿತ ನಿಜಕ್ಕಿಂತ ಸೌಮ್ಯವಾಗಿ ಕಾಣುತ್ತದೆ, ತುದಿ ಬಿಸಿಯ ಕಡೆ ವಾಲುತ್ತದೆ. ಎಷ್ಟು ಸತ್ತವು ಎಂಬುದನ್ನು ವೇಗದ ಪಕ್ಕದಲ್ಲೇ ಬರೆಯಬೇಕು.

ಈಗ ವ್ಯಾಪ್ತಿ ಹಾಕುವ ಕೆಲಸ. ನಾನು ಮೇಲೆ ಬಳಸಿದ್ದು ಕ್ಯಾಲ್ಕುಲಸ್ ಆಧಾರದ ಅಂದಾಜು. ಅದು ಎರಡೂ ಕಡೆ ಸಮನಾದ ವ್ಯಾಪ್ತಿ ಕೊಡುತ್ತದೆ. ನಿಜವಾದ ವ್ಯಾಪ್ತಿ ಸಾಮಾನ್ಯವಾಗಿ ಒಂದು ಕಡೆ ವಾಲಿರುತ್ತದೆ, ಅದರಲ್ಲೂ ಇಳಿತದ ಅಳತೆಗಳು ಕಮ್ಮಿ ಇದ್ದಾಗ. ಅದಕ್ಕೆ ಬೂಟ್‌ಸ್ಟ್ರ್ಯಾಪ್ ಒಳ್ಳೆಯದು. ಪ್ರತಿ ಉಷ್ಣತೆಯ ಅಳತೆಗಳ ಗುಂಪಿನಿಂದ ಅಷ್ಟೇ ಸಂಖ್ಯೆಯ ಅಳತೆಗಳನ್ನು ಕಣ್ಣು ಮುಚ್ಚಿ ಆರಿಸಬೇಕು, ಆರಿಸಿದ್ದು ಮತ್ತೆ ಬಂದರೂ ಅಡ್ಡಿಯಿಲ್ಲ. ರೇಖೆ ಹಾಯಿಸಿ ತುದಿ ಬರೆದುಕೊಳ್ಳಬೇಕು. ಹೀಗೆ ಸಾವಿರಾರು ಸಲ. ಬಂದ ತುದಿಗಳನ್ನು ಸಾಲಾಗಿ ಜೋಡಿಸಿ, ಕೆಳಗಿನ ಶೇಕಡಾ 2.5 ಮತ್ತು ಮೇಲಿನ ಶೇಕಡಾ 2.5 ಬಿಟ್ಟರೆ ಉಳಿಯುವುದೇ 95% ವ್ಯಾಪ್ತಿ.

ಇಲ್ಲಿ ಎಡವುವ ಜಾಗ ಒಂದಿದೆ: ಆರಿಸಬೇಕಾದ್ದು ಏನನ್ನು? ಒಂದೇ ಇನ್ಕ್ಯುಬೇಟರಿನಲ್ಲಿ 20 ಹುಳುಗಳಿದ್ದರೆ ಆ ಯಂತ್ರದ ತಪ್ಪು 20 ಹುಳುಗಳಿಗೂ ಒಂದೇ. ಹುಳುಗಳ ಸಂಖ್ಯೆ 200 ಮಾಡಿದರೂ ಆ ತಪ್ಪು ಕರಗುವುದಿಲ್ಲ. ಆದರೆ ಹುಳುಗಳನ್ನೇ ಆರಿಸುತ್ತಾ ಹೋದರೆ ವ್ಯಾಪ್ತಿ ಕುಗ್ಗುತ್ತಲೇ ಹೋಗುತ್ತದೆ, ಸುಳ್ಳು ಧೈರ್ಯ ಕೊಡುತ್ತದೆ. ಸಾಧ್ಯವಿದ್ದರೆ ಪ್ರತಿ ಉಷ್ಣತೆಗೆ ಎರಡು ಮೂರು ಯಂತ್ರಗಳನ್ನು ಬಳಸಿ ಯಂತ್ರಗಳನ್ನೇ ಆರಿಸಬೇಕು. ಒಂದೇ ಯಂತ್ರವಿದ್ದರೆ ಕಾಲಾಂತರದಲ್ಲಿ ಉಷ್ಣತೆಗಳನ್ನು ಬದಲಾಯಿಸಿ ಪ್ರಯೋಗ ಮತ್ತೆ ಮಾಡಬಹುದು. ಅದೂ ಆಗದಿದ್ದರೆ, ಈ ವ್ಯಾಪ್ತಿಯಲ್ಲಿ ಯಂತ್ರದ ದೋಷ ಸೇರಿಲ್ಲ ಅಂತ ಬರೆಯುವುದು ಪ್ರಾಮಾಣಿಕ ದಾರಿ.

ಸಾವಿರಾರು ಸಲ ರೇಖೆ ಹಾಯಿಸುವಾಗ ಕೆಲವು ಸಲ ಕಂಪ್ಯೂಟರ್ ಉತ್ತರ ಸಿಗಲಿಲ್ಲ ಎನ್ನುತ್ತದೆ, ಇಲ್ಲವೇ ಮೇಲ್ಮಿತಿಯನ್ನು 60 ಡಿಗ್ರಿಗೆ ಒಯ್ದು ಬಿಡುತ್ತದೆ. ಅವನ್ನು ಸದ್ದಿಲ್ಲದೆ ಎಸೆಯುವುದು ನನಗೆ ಹಿಡಿಸದ ಅಭ್ಯಾಸ. ಅಂಥವು ನೂರಕ್ಕೆ ಹತ್ತು ಇದ್ದರೆ, ಈ ಅಳತೆಗಳು ಮೇಲ್ಮಿತಿಯನ್ನು ಹಿಡಿದಿಡಲು ಸಾಲದು ಎಂದೇ ಅರ್ಥ.

ಬೂಟ್‌ಸ್ಟ್ರ್ಯಾಪ್‌ಗೂ ಒಂದು ಮಿತಿ ಇದೆ. ಆಯ್ದುಕೊಂಡ ಸೂತ್ರವೇ ಸರಿ ಎಂದು ನಂಬಿಕೊಂಡು ಅದು ಕೆಲಸ ಮಾಡುತ್ತದೆ. ಪ್ಯಾರಾಬೋಲದ ಮೇಲೆ ಅದನ್ನು ಓಡಿಸಿದರೆ 35.7ರ ಸುತ್ತ ಚೊಕ್ಕದಾದ ವ್ಯಾಪ್ತಿ ಸಿಗುತ್ತದೆ, ಸರಿಯಾದ ಉತ್ತರ ಅದರ ಹೊರಗೇ ಉಳಿಯಬಹುದು. ನಿಜವಾದ ಪ್ರಾಣಿಗಳ ವಿಷಯದಲ್ಲಿ ಸರಿಯಾದ ಸೂತ್ರ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಅಸಮ ಆಕಾರದ ಎರಡು ಮೂರು ಸೂತ್ರಗಳನ್ನು ಹಾಯಿಸಿ ನೋಡಬೇಕು. `R` ಭಾಷೆಯ `rTPC` ಪ್ಯಾಕೇಜಿನಲ್ಲಿ ಇಂಥ ಸೂತ್ರಗಳು ಇಪ್ಪತ್ತಕ್ಕೂ ಜಾಸ್ತಿ ಇವೆ. ಎಲ್ಲವೂ 33ರ ಆಸುಪಾಸು ಹೇಳಿದರೆ ಒಳ್ಳೆಯದು. ಒಂದು 32, ಇನ್ನೊಂದು 35 ಎಂದರೆ ಎರಡನ್ನೂ ಬರೆಯಬೇಕು. ಇಷ್ಟವಾದದ್ದನ್ನು ಆರಿಸಿಕೊಳ್ಳುವುದಲ್ಲ.

ಕೊನೆಗೆ ವರದಿಯ ಸಾಲು ಹೀಗಿರಬಹುದು: 'ಗರಿಷ್ಠ ಬೆಳವಣಿಗೆಯ ಉಷ್ಣತೆ 33.2 ಡಿಗ್ರಿ (95% ವ್ಯಾಪ್ತಿ 32.4ರಿಂದ 34.0), ಬ್ರಿಯೆರ್ ಸೂತ್ರ, 16ರಿಂದ 36 ಡಿಗ್ರಿವರೆಗೆ ಆರು ಉಷ್ಣತೆಗಳು, 5 ದಿನಗಳ ಬೆಳವಣಿಗೆ, ಆಹಾರ ಬೇಕಾದಷ್ಟು'. ಕೊನೆಯ ಎರಡು ವಿವರಗಳನ್ನು ಬಿಡುವವರೇ ಜಾಸ್ತಿ. ಒಂದೆರಡು ಗಂಟೆ ತಡೆದುಕೊಳ್ಳುವ ಬಿಸಿಯನ್ನು ಪ್ರಾಣಿ ಐದು ದಿನ ತಡೆದುಕೊಳ್ಳಲಾರದು, ಹಾಗಾಗಿ ಪ್ರಯೋಗದ ಅವಧಿ ಬದಲಾದರೆ ತುದಿಯೂ ಸರಿಯುತ್ತದೆ. ಆಹಾರದ ಪ್ರಭಾವ ಇನ್ನೂ ದೊಡ್ಡದು. ಕೆನಡಾದಲ್ಲಿ ಬ್ರೆಟ್ ಮತ್ತು ಸಂಗಡಿಗರು ಸಾಕೈ ಸಾಲ್ಮನ್ ಮರಿಗಳ ಮೇಲೆ ಮಾಡಿ 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿನ್ನುವಷ್ಟು ಆಹಾರ ಸಿಕ್ಕ ಮೀನುಗಳು ಅತಿ ವೇಗವಾಗಿ ಬೆಳೆದದ್ದು ಸುಮಾರು 15 ಡಿಗ್ರಿಯಲ್ಲಿ. ದಿನಕ್ಕೆ ಮೈತೂಕದ ಶೇಕಡಾ 1.5ರಷ್ಟು ಮಾತ್ರ ಆಹಾರ ಸಿಕ್ಕ ಮೀನುಗಳಿಗೆ ಅದು ಸುಮಾರು 5 ಡಿಗ್ರಿಗೆ ಇಳಿದಿತ್ತು. ಬಿಸಿ ನೀರಿನಲ್ಲಿ ಮೈಯನ್ನು ನಡೆಸಲಿಕ್ಕೇ ಜಾಸ್ತಿ ಶಕ್ತಿ ಬೇಕು. ತಿಂದದ್ದು ಅಲ್ಲೇ ಖರ್ಚಾದರೆ ಬೆಳೆಯಲು ಏನೂ ಮಿಗುವುದಿಲ್ಲ. ಒಂದೇ ಜಾತಿಯ ಮೀನು, ಹತ್ತು ಡಿಗ್ರಿಯ ವ್ಯತ್ಯಾಸ. ಯಾವ ಬೂಟ್‌ಸ್ಟ್ರ್ಯಾಪ್ ವ್ಯಾಪ್ತಿಯಲ್ಲೂ ಇದು ಕಾಣಿಸುವುದಿಲ್ಲ, ಏಕೆಂದರೆ ಒಂದು ಪ್ರಯೋಗದೊಳಗಿನ ಮೀನುಗಳೆಲ್ಲ ತಿಂದದ್ದು ಒಂದೇ ಅಳತೆಯ ಆಹಾರ.